ಕ್ರಿಯಾಟಿನ್ ಕ್ಯಾಪ್ಸೂಲ್: ಒಳಗಿನ ಪುಡಿ ಸಸ್ಯಾಹಾರ, ಹೊರಗಿನ ಕವಚ? ಪತ್ತೆ ಮಾಡುವ ಸಮಗ್ರ ಮಾರ್ಗದರ್ಶಿ

ತುಮಕೂರಿನಲ್ಲಿ ಜಿಮ್‌ಗಳು ಹೆಚ್ಚಾದ ಹಾಗೆ ನಮ್ಮ ಮೆಡಿಕಲ್ ಅಂಗಡಿಯಲ್ಲಿ ಸ್ನಾಯುಗಳ ಬಲಕ್ಕೆ ತೆಗೆದುಕೊಳ್ಳುವ ಕ್ರಿಯಾಟಿನ್ ಕೇಳುವವರೂ ಹೆಚ್ಚಾಗಿದ್ದಾರೆ. ಅವರಲ್ಲಿ ಬಹಳಷ್ಟು ಹುಡುಗರು ಲಿಂಗಾಯತ, ಬ್ರಾಹ್ಮಣ, ಜೈನ ಮನೆಗಳವರು. ಮನೆಯಲ್ಲಿ ಮೊಟ್ಟೆ ಕೂಡ ಒಳಗೆ ಬರುವುದಿಲ್ಲ. ಹಾಗಾಗಿ ಅವರು ಕೇಳುವ ಮೊದಲ ಪ್ರಶ್ನೆ, "ಅಣ್ಣಾ, ಇದು ವೆಜ್ಜಾ?" ಅಂತ. ಈ ಪ್ರಶ್ನೆಗೆ ಬಾಟಲಿ ನೋಡದೆ ಹೌದು ಅಥವಾ ಇಲ್ಲ ಅಂತ ಹೇಳಲು ಬರುವುದಿಲ್ಲ. ಯಾಕಂದ್ರೆ ಒಳಗಿರುವ ಪುಡಿಯದ್ದು ಒಂದು ಕಥೆ, ಅದನ್ನು ತುಂಬಿರುವ ಕವಚದ್ದು ಇನ್ನೊಂದು ಕಥೆ.

ಪುಡಿಯ ವಿಷಯ ಮೊದಲು ಮುಗಿಸೋಣ. ಕ್ರಿಯಾಟಿನ್ ಮಾಂಸ ಮತ್ತು ಮೀನಿನಲ್ಲಿ ಇರುತ್ತದೆ, ನಿಜ. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಅದು ಮಾಂಸ ತಿನ್ನುವವರಿಗಿಂತ ಸಾಮಾನ್ಯವಾಗಿ ಕಡಿಮೆ ಇರುವುದೂ ಅದಕ್ಕೇ. ಆದರೆ ಡಬ್ಬದಲ್ಲಿ ಮಾರುವ ಕ್ರಿಯಾಟಿನ್ ಮೋನೋಹೈಡ್ರೇಟನ್ನು ಮಾಂಸದಿಂದ ತೆಗೆಯುವುದಿಲ್ಲ. ಸಾರ್ಕೋಸಿನ್ ಮತ್ತು ಸಯನಮೈಡ್ ಎಂಬ ಎರಡು ರಾಸಾಯನಿಕಗಳನ್ನು ಸೇರಿಸಿ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ಪುಡಿಯ ಬಗ್ಗೆ ಚಿಂತೆ ಪಡುವವರು ಅಷ್ಟರ ಮಟ್ಟಿಗೆ ನಿರಾಳವಾಗಿರಬಹುದು.

ಚಿಂತೆ ಮಾಡಬೇಕಾದ್ದು ಕವಚದ ಬಗ್ಗೆ.

## ಕವಚ ಸಣ್ಣ ವಿಷಯವಲ್ಲ ಯಾಕೆ

ಕ್ಯಾಪ್ಸೂಲ್ ಕವಚ ಗಾಳಿಯಷ್ಟು ಹಗುರ, ಅದರಲ್ಲಿ ಏನಿದೆ ಅಂತ ಅನ್ನಿಸುತ್ತದೆ. ಒಂದು ಬಾಟಲಿ ತೆಗೆದುಕೊಂಡು ಲೆಕ್ಕ ಹಾಕಿ ನೋಡೋಣ.

ಕ್ರಿಯಾಟಿನ್‌ಗೆ ಸಾಮಾನ್ಯವಾಗಿ ಬಳಸುವುದು ಡಬಲ್ ಝೀರೋ ಅಳತೆಯ ದೊಡ್ಡ ಕ್ಯಾಪ್ಸೂಲ್. ಅದರಲ್ಲಿ ಸುಮಾರು 750 ಮಿಲಿಗ್ರಾಂ ಪುಡಿ ಹಿಡಿಯುತ್ತದೆ. ದಿನಕ್ಕೆ 3 ಗ್ರಾಂ ಬೇಕು ಅಂದರೆ ನಾಲ್ಕು ಕ್ಯಾಪ್ಸೂಲ್ ನುಂಗಬೇಕು. 5 ಗ್ರಾಂ ತೆಗೆದುಕೊಳ್ಳುವವರು ಏಳು ನುಂಗುತ್ತಾರೆ. ಬೇರೆ ಮಾತ್ರೆಗಳ ಹಾಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಅಲ್ಲ.

ಖಾಲಿ ಡಬಲ್ ಝೀರೋ ಕವಚ ಒಂದರ ತೂಕ ಸುಮಾರು 120 ಮಿಲಿಗ್ರಾಂ. ನಾಲ್ಕಕ್ಕೆ ಹತ್ತಿರ ಹತ್ತಿರ ಅರ್ಧ ಗ್ರಾಂ. ತಿಂಗಳಿಗೆ 14 ಗ್ರಾಂ ದಾಟುತ್ತದೆ. ವರ್ಷವಿಡೀ ತೆಗೆದುಕೊಂಡರೆ ಸುಮಾರು 175 ಗ್ರಾಂ. ಕವಚ ಜೆಲಾಟಿನ್‌ನದಾಗಿದ್ದರೆ, ಅಷ್ಟು ಜೆಲಾಟಿನ್ ಹೊಟ್ಟೆಗೆ ಹೋಗಿರುತ್ತದೆ. ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವವರಿಗೆ ಒಂದು ಚೂರೂ ಜಾಸ್ತಿಯೇ. ಆದರೂ ಇದು ಕಣ್ಣಿಗೆ ಕಾಣದ ಸೋಂಕಿನಷ್ಟು ಅಲ್ಲ, ಅಳೆದು ತೂಗಬಹುದಾದಷ್ಟಿದೆ ಅನ್ನುವುದು ಗೊತ್ತಿರಲಿ.

## ಜೆಲಾಟಿನ್ ಎಲ್ಲಿಂದ, ಗಿಡದ ಕವಚ ಎಲ್ಲಿಂದ

ಜೆಲಾಟಿನ್ ಅಂದರೆ ಪ್ರಾಣಿಯ ಚರ್ಮ ಮತ್ತು ಮೂಳೆಯಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನನ್ನು ಆಮ್ಲ ಅಥವಾ ಸುಣ್ಣದ ನೀರಿನಲ್ಲಿ ನೆನೆಸಿ, ಬಿಸಿ ನೀರಿನಲ್ಲಿ ಬೇಯಿಸಿ ತೆಗೆದ ಸಾರ. ದನ, ಎಮ್ಮೆಗಳ ಮೂಳೆ ಮತ್ತು ಚರ್ಮ, ಹಂದಿಯ ಚರ್ಮ, ಕೆಲವೊಮ್ಮೆ ಮೀನಿನ ಚರ್ಮ ಇದಕ್ಕೆ ಬಳಕೆಯಾಗುತ್ತದೆ. ನಮ್ಮ ದೇಶದಲ್ಲಿ ತಯಾರಾಗುವುದಕ್ಕೆ ಹೆಚ್ಚಾಗಿ ಮೂಳೆಯೇ ಮೂಲ. ಹೊರದೇಶದ ಸರಕಿನಲ್ಲಿ ಹಂದಿಯದೂ ಇರಬಹುದು. ಹಾಲಿನ ಹಾಗೆ ಪ್ರಾಣಿ ಬದುಕಿದ್ದಾಗ ಕರೆದುಕೊಳ್ಳುವ ವಸ್ತು ಇದಲ್ಲ. ಜೆಲಾಟಿನ್ ಬೇಕಾದರೆ ಪ್ರಾಣಿ ಸತ್ತಿರಲೇಬೇಕು.

ಗಿಡದ ಮೂಲದ ಕವಚಗಳಲ್ಲಿ ಎರಡು ಬಗೆ ನಿಮಗೆ ಸಿಗುತ್ತವೆ. ಹೆಚ್ಚು ಕಾಣುವುದು ಎಚ್‌ಪಿಎಂಸಿ. ಇದಕ್ಕೇ ಹೈಪ್ರೊಮೆಲ್ಲೋಸ್ ಅಂತಲೂ, ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್ ಅಂತಲೂ ಬರೆದಿರುತ್ತಾರೆ. ಮೂರೂ ಒಂದೇ. ಮರದ ತಿರುಳು ಅಥವಾ ಹತ್ತಿಬೀಜಕ್ಕೆ ಅಂಟಿದ ಸಣ್ಣ ನಾರಿನ ಸೆಲ್ಯುಲೋಸ್‌ನಿಂದ ಇದನ್ನು ರಾಸಾಯನಿಕವಾಗಿ ಮಾಡುತ್ತಾರೆ. ಎರಡನೆಯದು ಪುಲ್ಲುಲಾನ್. ಹಿಟ್ಟು ಅಥವಾ ಸಕ್ಕರೆಯನ್ನು ಒಂದು ಜಾತಿಯ ಶಿಲೀಂಧ್ರಕ್ಕೆ ಕೊಟ್ಟು ಹುದುಗಿಸಿದಾಗ ಅದು ಬಿಡುವ ಅಂಟು ಇದು. ಎರಡರಲ್ಲೂ ಪ್ರಾಣಿ ಇಲ್ಲ.

ಕೆಲಸದ ದೃಷ್ಟಿಯಿಂದ ಜೆಲಾಟಿನ್ ಮೇಲು, ಗಿಡದ್ದು ಕೀಳು ಅಂತ ಏನೂ ಇಲ್ಲ. ಕ್ರಿಯಾಟಿನ್ ಹೊಟ್ಟೆಯಲ್ಲಿ ಐದು ನಿಮಿಷ ಮುಂಚೆ ಬಿಡುಗಡೆಯಾದರೂ ತಡವಾದರೂ ಸ್ನಾಯುವಿಗೆ ವ್ಯತ್ಯಾಸವಾಗುವುದಿಲ್ಲ. ವಾರಗಟ್ಟಲೆ ನಿಧಾನವಾಗಿ ತುಂಬಿಕೊಳ್ಳುವ ವಸ್ತು ಅದು. ನಮ್ಮ ಕಡೆಯ ಹವಾಗೆ ಗಿಡದ ಕವಚಕ್ಕೇ ಒಂದು ಅನುಕೂಲ ಇದೆ. ಜೆಲಾಟಿನ್ ಕವಚ ಮೆತ್ತಗಿರಲು ಅದರೊಳಗೆ ನೂರಕ್ಕೆ 13ರಿಂದ 16ರಷ್ಟು ನೀರು ಇರಬೇಕು. ಮಾರ್ಚ್, ಏಪ್ರಿಲ್‌ನ ಒಣ ಬಿಸಿಲಿನಲ್ಲಿ ಬಾಟಲಿ ಮುಚ್ಚಳ ಸರಿಯಾಗಿ ಹಾಕದಿದ್ದರೆ ಆ ನೀರು ಆರಿ ಕವಚ ಗರಿಗರಿಯಾಗಿ ಒಡೆಯುತ್ತದೆ. ಎಚ್‌ಪಿಎಂಸಿ ಕವಚದಲ್ಲಿ ನೀರಿನ ಅಂಶ ಅದರ ಅರ್ಧಕ್ಕಿಂತ ಕಡಿಮೆ, ಒಣಗಿದರೂ ಸುಲಭಕ್ಕೆ ಒಡೆಯುವುದಿಲ್ಲ.

## ಮೊದಲ ಹೆಜ್ಜೆ: ನಿಮ್ಮ ನಿಯಮ ಯಾವುದು ಅಂತ ಗೊತ್ತುಮಾಡಿಕೊಳ್ಳಿ

ಲೇಬಲ್ ಓದುವ ಮುಂಚೆ ಇದು ಸ್ಪಷ್ಟವಾಗಬೇಕು. ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿರುವುದಿಲ್ಲ.

ಹುಟ್ಟಿನಿಂದ ಸಸ್ಯಾಹಾರಿಯಾದವರಿಗೆ ಜೆಲಾಟಿನ್ ಯಾವ ಪ್ರಾಣಿಯದಾದರೂ ಬೇಡ. ಅವರ ಕೆಲಸ ಸುಲಭ: ಹಸಿರು ಗುರುತು ಬೇಕು, ಕವಚ ಎಚ್‌ಪಿಎಂಸಿ ಅಥವಾ ಪುಲ್ಲುಲಾನ್ ಇರಬೇಕು.

ಮಾಂಸ ತಿನ್ನುತ್ತಾರೆ, ಆದರೆ ದನದ್ದು ಮುಟ್ಟುವುದಿಲ್ಲ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇಂಥ ಮನೆಗಳೇ ಜಾಸ್ತಿ. ಇವರಲ್ಲಿ ಎಷ್ಟೋ ಜನ "ನಾವು ನಾನ್‌ವೆಜ್ ತಿಂತೀವಿ, ಕಂದು ಗುರುತಿದ್ರೆ ಏನಾಯ್ತು" ಅಂತ ಕೊಂಡುಬಿಡುತ್ತಾರೆ. ಕಂದು ಗುರುತು ಪ್ರಾಣಿ ಮೂಲ ಅಂತಷ್ಟೇ ಹೇಳುತ್ತದೆ, ಯಾವ ಪ್ರಾಣಿ ಅಂತ ಹೇಳುವುದಿಲ್ಲ. ಕೋಳಿ, ಕುರಿಯ ಜೆಲಾಟಿನ್‌ನಲ್ಲಿ ಕ್ಯಾಪ್ಸೂಲ್ ಮಾಡುವುದು ವಾಡಿಕೆಯಲ್ಲ. ಮೀನಿನದು ಅಂತ ಬರೆದಿಲ್ಲದಿದ್ದರೆ ಅದು ದನ, ಎಮ್ಮೆ ಅಥವಾ ಹಂದಿಯದು ಅಂತಲೇ ತಿಳಿಯಬೇಕು. ಇವರಿಗೂ ಸರಿಹೊಂದುವುದು ಗಿಡದ ಕವಚವೇ.

ಮುಸ್ಲಿಮರಿಗೆ ಪ್ರಶ್ನೆ ಬೇರೆ. ಹಂದಿಯದು ಬೇಡವೇ ಬೇಡ. ದನ, ಎಮ್ಮೆಯದಾದರೆ ಹಲಾಲ್ ಆಗಿ ಕೊಯ್ದದ್ದಾ ಅನ್ನುವುದು ಮುಖ್ಯ. ಜೆಲಾಟಿನ್ ಪೂರ್ತಿ ರೂಪ ಬದಲಾದ ವಸ್ತು, ಹಾಗಾಗಿ ಅಡ್ಡಿಯಿಲ್ಲ ಅನ್ನುವ ವಿದ್ವಾಂಸರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನಮ್ಮ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಈ ಚರ್ಚೆಗೆ ಹೋಗುವುದಿಲ್ಲ. ಗಿಡದ ಕವಚ ಇದ್ದರೆ ಅದನ್ನೇ ಕೊಡಿ ಅನ್ನುತ್ತಾರೆ. ಇಡೀ ಉತ್ಪನ್ನಕ್ಕೆ ಹಲಾಲ್ ಪ್ರಮಾಣಪತ್ರ ಬೇಕು ಅನ್ನುವವರು ಬಾಟಲಿಯ ಮೇಲೆ ಪ್ರಮಾಣ ಕೊಟ್ಟ ಸಂಸ್ಥೆಯ ಹೆಸರು ಇದೆಯಾ ನೋಡಬೇಕು. ಸುಮ್ನೆ "ಹಲಾಲ್" ಅಂತ ಮುದ್ರಿಸಿದ್ದರೆ ಸಾಲದು.

ಜೈನರಿಗೆ ಇನ್ನೂ ಒಂದೆರಡು ಪ್ರಶ್ನೆ ಉಳಿಯುತ್ತವೆ. ಪುಲ್ಲುಲಾನ್ ಹುದುಗಿಸಿ ಮಾಡಿದ್ದು. ಅದಕ್ಕೆ ಬಳಸುವ ಹಿಟ್ಟು ಮರಗೆಣಸಿನದೂ ಆಗಿರಬಹುದು. ನೆಲದಡಿಯ ಗೆಡ್ಡೆ ಮತ್ತು ಹುದುಗಿಸಿದ್ದು ಎರಡನ್ನೂ ಬಿಟ್ಟವರಿಗೆ ಎಚ್‌ಪಿಎಂಸಿ ಹೆಚ್ಚು ನೇರವಾದ ಆಯ್ಕೆ. ಮಂದರಗಿರಿಗೆ ಬರುವ ಮುನಿಗಳನ್ನೋ ಮನೆಯ ಹಿರಿಯರನ್ನೋ ಕೇಳಿ ತೀರ್ಮಾನ ಮಾಡುವ ವಿಷಯ ಇದು. ಅಂಗಡಿಯವರು ಹೇಳುವಂಥದ್ದಲ್ಲ.

ಕೊನೆಯದಾಗಿ ಕಾಲಕ್ಕೆ ತಕ್ಕ ನಿಯಮ ಇರುವವರು. ಶ್ರಾವಣದಲ್ಲಿ ಮಾಂಸ ಬಿಡುವವರು, ಅಯ್ಯಪ್ಪನ ಮಾಲೆ ಹಾಕಿ 41 ದಿನ ವ್ರತ ಹಿಡಿಯುವವರು. ಮಾಲೆ ಹಾಕಿದ ಹುಡುಗರು ಊಟದಲ್ಲಿ ಎಷ್ಟು ಕಟ್ಟುನಿಟ್ಟು ಅಂದರೆ ಹೊರಗಿನ ಹೋಟೆಲಿನ ನೀರೂ ಕುಡಿಯದವರಿದ್ದಾರೆ. ಆದರೆ ಜಿಮ್ ಬ್ಯಾಗಿನಲ್ಲಿ ಎರಡು ತಿಂಗಳ ಹಿಂದೆ ಕೊಂಡ ಕ್ಯಾಪ್ಸೂಲ್ ಬಾಟಲಿ ಹಾಗೇ ಇರುತ್ತದೆ. ಮಾಲೆ ಹಾಕುವ ಮುಂಚೆ ಆ ಬಾಟಲಿಯನ್ನು ಒಮ್ಮೆ ತಿರುಗಿಸಿ ಓದಿ. ಕ್ರಿಯಾಟಿನ್ ಅಷ್ಟು ದಿನ ನಿಲ್ಲಿಸಿದರೂ ಅಪಾಯವೇನಿಲ್ಲ. ಸ್ನಾಯುವಿನಲ್ಲಿ ಜಾಸ್ತಿಯಾಗಿ ಸೇರಿದ್ದು ನಾಲ್ಕಾರು ವಾರದಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ, ಮತ್ತೆ ಶುರು ಮಾಡಿದರೆ ತುಂಬಿಕೊಳ್ಳುತ್ತದೆ.

## ಎರಡನೇ ಹೆಜ್ಜೆ: ಗುರುತು ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ

ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಹಳೇ ಪ್ಯಾಕ್‌ಗಳಲ್ಲಿ ತ್ರಿಕೋನದ ಬದಲು ಕಂದು ಚುಕ್ಕೆ ಇರುತ್ತಿತ್ತು. ಬಣ್ಣ ಗುರುತಿಸಲು ಕಷ್ಟವಾಗುವವರಿಗೂ ಗೊತ್ತಾಗಲಿ ಅಂತ ಆಕಾರ ಬದಲಾಯಿಸಿದರು.

ಇಲ್ಲಿ ಜನ ಗೊಂದಲ ಮಾಡಿಕೊಳ್ಳುವ ಒಂದು ವಿಷಯ ಇದೆ. ಔಷಧಿ ಅಂಗಡಿಯಲ್ಲಿ ಸಿಗುವ ಆಂಟಿಬಯೋಟಿಕ್ ಕ್ಯಾಪ್ಸೂಲ್ ಪಟ್ಟಿಯ ಮೇಲೆ ಯಾವ ಗುರುತೂ ಇರುವುದಿಲ್ಲ. ಔಷಧಿಗೆ ಆ ನಿಯಮ ಅನ್ವಯಿಸುವುದಿಲ್ಲ. ಅದನ್ನು ನೋಡಿದವರು "ಕ್ಯಾಪ್ಸೂಲ್ ಅಂದ್ರೆ ಗುರುತು ಇರಲ್ಲ ಬಿಡಿ" ಅಂತ ತಿಳಿಯುತ್ತಾರೆ. ಆದರೆ ಕ್ರಿಯಾಟಿನ್ ನಮ್ಮಲ್ಲಿ ಮಾರಾಟವಾಗುವುದು ಔಷಧಿಯಾಗಿ ಅಲ್ಲ, ಆಹಾರ ಪೂರಕವಾಗಿ. ಬಾಟಲಿಯ ಮೇಲೆ ಹೆಲ್ತ್ ಸಪ್ಲಿಮೆಂಟ್ ಅಥವಾ ನ್ಯೂಟ್ರಾಸ್ಯುಟಿಕಲ್ ಅಂತ ಇರುತ್ತದೆ, ಔಷಧಿಯಾಗಿ ಬಳಸಲು ಅಲ್ಲ ಅಂತಲೂ ಬರೆದಿರುತ್ತದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ. ಇವೆಲ್ಲ ಇದ್ದ ಮೇಲೆ ಹಸಿರು ಅಥವಾ ಕಂದು ಗುರುತು ಇರಲೇಬೇಕು. ಎರಡೂ ಇಲ್ಲದ ಬಾಟಲಿ ಕಂಡರೆ ಕೊಳ್ಳಬೇಡಿ. ಹೊರದೇಶದಿಂದ ಯಾರೋ ಸೂಟ್‌ಕೇಸಿನಲ್ಲಿ ತಂದದ್ದೋ, ಆಮದುದಾರರ ಸ್ಟಿಕ್ಕರ್ ಇಲ್ಲದೆ ಬಂದದ್ದೋ ಆಗಿರುವ ಸಾಧ್ಯತೆ ಹೆಚ್ಚು.

ಹಸಿರು ಗುರುತಿಗೂ ಒಂದು ಮಿತಿ ಇದೆ. ಕಾನೂನಿನ ಲೆಕ್ಕದಲ್ಲಿ ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ ಮತ್ತು ಅರಗು ಮಾಂಸಾಹಾರದ ವ್ಯಾಖ್ಯೆಯಿಂದ ಹೊರಗಿವೆ. ಅರಗು ಒಂದು ಕೀಟ ಸ್ರವಿಸುವ ವಸ್ತು. ಮಾತ್ರೆಗಳಿಗೆ ಹೊಳಪು ಕೊಡಲು ಬಳಸುತ್ತಾರೆ, ಐಎನ್‌ಎಸ್ 904 ಅಂತ ಬರೆದಿರುತ್ತದೆ. ಐಎನ್‌ಎಸ್ ಅಂದರೆ ಆಹಾರಕ್ಕೆ ಬೆರೆಸುವ ಪದಾರ್ಥಗಳಿಗೆ ಕೊಟ್ಟ ಅಂತರರಾಷ್ಟ್ರೀಯ ನಂಬರ್. ಜೇನೂ ಮುಟ್ಟದ ಜೈನರು, ಪ್ರಾಣಿಯ ಯಾವ ಪದಾರ್ಥವೂ ಬೇಡ ಅನ್ನುವವರು ಹಸಿರು ಚುಕ್ಕೆಗೆ ತೃಪ್ತರಾಗದೆ ವೀಗನ್ ಗುರುತು ಹುಡುಕುವುದು ಒಳ್ಳೆಯದು. 2022ರ ನಿಯಮದ ಪ್ರಕಾರ ಅದಕ್ಕೆ ಬೇರೆಯದೇ ಹಸಿರು ಲಾಂಛನ ಇದೆ. ಇಂಗ್ಲಿಷಿನ ವಿ ಅಕ್ಷರ, ಅದರ ಮೇಲೆ ಚಿಗುರಿದ ಎಲೆ.

## ಮೂರನೇ ಹೆಜ್ಜೆ: ಇಂಗ್ರೀಡಿಯೆಂಟ್ಸ್ ಸಾಲಿನ ಕೊನೆಯಿಂದ ಓದಿ

ಮುಂಭಾಗದ ದೊಡ್ಡ ಅಕ್ಷರ ಬಿಡಿ. "ಶುದ್ಧ ಸಸ್ಯಾಹಾರಿ ಕ್ರಿಯಾಟಿನ್" ಅಂತ ಅಲ್ಲಿದ್ದರೆ ಅದು ಪುಡಿಯ ಬಗ್ಗೆ ಹೇಳಿದ ಮಾತಾಗಿರಬಹುದು. ಬಾಟಲಿ ತಿರುಗಿಸಿ, ಪದಾರ್ಥಗಳ ಸಾಲು ಹುಡುಕಿ. ತೂಕದ ಪ್ರಕಾರ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ಕ್ರಿಯಾಟಿನ್ ಮೊದಲೇ ಇರುತ್ತದೆ. ಕವಚ ಮತ್ತು ಉಳಿದ ಸಣ್ಣಪುಟ್ಟವು ಸಾಲಿನ ತುದಿಯಲ್ಲಿ ಅಥವಾ "ಕ್ಯಾಪ್ಸೂಲ್ ಶೆಲ್" ಅಂತ ಬೇರೆಯಾಗಿ ಬರೆದಿರುತ್ತವೆ.

ಒಬ್ಬ ಇಂಜಿನಿಯರಿಂಗ್ ಹುಡುಗ ಆನ್‌ಲೈನ್‌ನಲ್ಲಿ ತರಿಸಿದ ಬಾಟಲಿ ಹಿಡಿದು ಬಂದಿದ್ದ. ಮನೆಯಲ್ಲಿ ಬೆಳ್ಳುಳ್ಳಿಯನ್ನೂ ಬಳಸದವರು. ಅದರ ಹಿಂಭಾಗದಲ್ಲಿ ಇದ್ದದ್ದು ಇಷ್ಟು: ಕ್ರಿಯಾಟಿನ್ ಮೋನೋಹೈಡ್ರೇಟ್, ಗಂಟು ಕಟ್ಟದಂತೆ ತಡೆಯುವ ಪದಾರ್ಥಗಳಾದ ಐಎನ್‌ಎಸ್ 470(iii) ಮತ್ತು ಐಎನ್‌ಎಸ್ 551, ಕ್ಯಾಪ್ಸೂಲ್ ಶೆಲ್ ಐಎನ್‌ಎಸ್ 464.

ಒಂದೊಂದಾಗಿ ನೋಡಿದೆವು. 464 ಅಂದರೆ ಎಚ್‌ಪಿಎಂಸಿ. ಕವಚದ ಪ್ರಶ್ನೆ ಮುಗಿಯಿತು. ಪುಲ್ಲುಲಾನ್ ಆಗಿದ್ದರೆ 1204 ಅಂತ ಇರುತ್ತಿತ್ತು. 551 ಸಿಲಿಕಾನ್ ಡೈಆಕ್ಸೈಡ್, ಖನಿಜ. ಅದರಲ್ಲಿ ತಕರಾರಿಲ್ಲ. ಉಳಿದದ್ದು 470(iii), ಮೆಗ್ನೀಷಿಯಂ ಸ್ಟಿಯರೇಟ್. ಪುಡಿ ಯಂತ್ರಕ್ಕೆ ಅಂಟದೆ ಜಾರಲಿ ಅಂತ ಸೇರಿಸುವ ಪದಾರ್ಥ ಇದು. ಇದರ ಸ್ಟಿಯರಿಕ್ ಆಮ್ಲ ತಾಳೆ ಎಣ್ಣೆಯಿಂದಲೂ ಬರಬಹುದು, ಪ್ರಾಣಿಯ ಕೊಬ್ಬಿನಿಂದಲೂ ಬರಬಹುದು. ನಂಬರ್ ನೋಡಿ ಯಾವುದು ಅಂತ ಹೇಳಲು ಸಾಧ್ಯವಿಲ್ಲ. ಬಾಟಲಿಯ ಮೇಲೆ ಹಸಿರು ಗುರುತು ಇತ್ತು. ಪ್ರಾಣಿ ಕೊಬ್ಬು ಬಳಸಿ ಆ ಗುರುತು ಹಾಕುವಂತಿಲ್ಲ. ಆದ್ದರಿಂದ ಇಲ್ಲಿ ಗುರುತು ಮತ್ತು ಸಾಲು ಎರಡೂ ಒಂದಕ್ಕೊಂದು ಹೊಂದಿದವು. ಹುಡುಗನಿಗೆ ಅಷ್ಟು ಸಾಕಾಯಿತು. ಅವರ ಅಜ್ಜಿಗೆ ಸಾಕಾಗಲಿಲ್ಲ, ಕಂಪನಿಯನ್ನೇ ಕೇಳು ಅಂದರಂತೆ. ನನ್ನ ಪ್ರಕಾರ ಅಜ್ಜಿ ಕೇಳಿದ್ದೂ ನ್ಯಾಯವೇ. ಹೇಗೆ ಕೇಳಬೇಕು ಅಂತ ಮುಂದೆ ಬರೆದಿದ್ದೇನೆ.

ಬಣ್ಣದ ಕವಚವಾದರೆ ಐಎನ್‌ಎಸ್ 120 ಇದೆಯಾ ನೋಡಿ. ಅದು ಕಾರ್ಮೈನ್, ಕೀಟದಿಂದ ತೆಗೆದ ಕೆಂಪು.

ಹೊರದೇಶದ ಬಾಟಲಿಗಳಲ್ಲಿ ನಂಬರ್ ಬದಲು ಹೆಸರೇ ಇರುತ್ತದೆ. "ವೆಜಿಟೇಬಲ್ ಕ್ಯಾಪ್ಸೂಲ್", "ವೆಜ್ ಕ್ಯಾಪ್", "ಹೈಪ್ರೊಮೆಲ್ಲೋಸ್" ಇದ್ದರೆ ಗಿಡದ್ದು. "ಜೆಲಾಟಿನ್" ಅಂತ ಮಾತ್ರ ಇದ್ದರೆ ಪ್ರಾಣಿಯದು. "ಬೋವೈನ್" ಅಂದರೆ ದನದ ಜಾತಿ, "ಪೋರ್ಸೈನ್" ಅಂದರೆ ಹಂದಿ. "ಕೋಷರ್ ಜೆಲಾಟಿನ್" ಅಂತ ಕಂಡು ಇದು ಶುದ್ಧ ಅಂತ ಅಂದುಕೊಳ್ಳುವವರಿದ್ದಾರೆ. ಅದು ಯಹೂದಿಗಳ ನಿಯಮಕ್ಕೆ ಹೊಂದಿದ್ದು ಅಂತಷ್ಟೇ ಅರ್ಥ. ದನದ್ದೋ ಮೀನಿನದೋ ಆಗಿರುತ್ತದೆ, ಸಸ್ಯಾಹಾರವಲ್ಲ. "ವೆಜಿಟೇಬಲ್ ಜೆಲಾಟಿನ್" ಅನ್ನುವ ಮಾತು ಕಂಡರಂತೂ ಕಂಪನಿಯನ್ನು ಕೇಳದೆ ಮುಂದುವರಿಯಬೇಡಿ. ಜೆಲಾಟಿನ್ ಅನ್ನುವುದು ಗಿಡದಲ್ಲಿ ಇಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಇನ್ನೊಂದು ತೊಂದರೆ. ಒಂದೇ ಪುಟದಲ್ಲಿ ಪುಡಿ ಡಬ್ಬ ಮತ್ತು ಕ್ಯಾಪ್ಸೂಲ್ ಎರಡನ್ನೂ ಮಾರುತ್ತಾರೆ. ಫೋಟೋದಲ್ಲಿ ಕಾಣುವ ಹಸಿರು ಚುಕ್ಕೆ ಪುಡಿ ಡಬ್ಬದ್ದು, ನೀವು ಒತ್ತಿದ್ದು ಕ್ಯಾಪ್ಸೂಲ್. ಕ್ಯಾಪ್ಸೂಲ್ ಆಯ್ಕೆ ಮಾಡಿದ ಮೇಲೆ ಬದಲಾಗುವ ಫೋಟೋಗಳಲ್ಲಿ ಬಾಟಲಿಯ ಹಿಂಭಾಗ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ಬಿಟ್ಟು ಬೇರೆ ನೋಡಿ.

## ನಾಲ್ಕನೇ ಹೆಜ್ಜೆ: ಎರಡು ಲೋಟ ನೀರಿನ ಪರೀಕ್ಷೆ

ಲೇಬಲ್ ಹರಿದಿದೆ, ಅಥವಾ ಗೆಳೆಯ ಒಂದಿಷ್ಟು ಕ್ಯಾಪ್ಸೂಲ್ ಕವರಿಗೆ ಹಾಕಿ ಕೊಟ್ಟಿದ್ದಾನೆ, ಅಥವಾ ಲೇಬಲ್ ಮೇಲೆ ನಂಬಿಕೆ ಬರುತ್ತಿಲ್ಲ. ಆಗ ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ಜೆಲಾಟಿನ್ ಮತ್ತು ಎಚ್‌ಪಿಎಂಸಿ ನೀರಿನಲ್ಲಿ ಒಂದಕ್ಕೊಂದು ಉಲ್ಟಾ ನಡೆದುಕೊಳ್ಳುತ್ತವೆ. ಜೆಲಾಟಿನ್ ತಣ್ಣೀರಿನಲ್ಲಿ ಊದಿಕೊಳ್ಳುತ್ತದೆಯೇ ಹೊರತು ಕರಗುವುದಿಲ್ಲ, ಬಿಸಿ ನೀರಿನಲ್ಲಿ ಕರಗುತ್ತದೆ. ಎಚ್‌ಪಿಎಂಸಿ ತಣ್ಣೀರಿನಲ್ಲಿ ಕರಗುತ್ತದೆ, ಬಿಸಿ ನೀರಿನಲ್ಲಿ ಕರಗುವುದಿಲ್ಲ.

ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಸ್ಟೀಲ್ ಲೋಟದಲ್ಲಿ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಒಂದಕ್ಕೆ ಫ್ರಿಜ್ಜಿನಿಂದ ತೆಗೆದ ತಣ್ಣೀರು, ಇನ್ನೊಂದಕ್ಕೆ ಕುದಿಸಿ ಆಗಷ್ಟೇ ಇಳಿಸಿದ ನೀರು. ಕ್ಯಾಪ್ಸೂಲ್‌ನ ಎರಡು ಭಾಗಗಳನ್ನು ಮೆಲ್ಲಗೆ ಎಳೆದು ಬಿಡಿಸಿ, ಪುಡಿಯನ್ನೆಲ್ಲ ಸುರಿದುಬಿಡಿ. ಒಳಗೆ ಅಂಟಿದ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ. ಒಂದು ಭಾಗವನ್ನು ತಣ್ಣೀರಿಗೆ, ಇನ್ನೊಂದನ್ನು ಬಿಸಿ ನೀರಿಗೆ ಹಾಕಿ. ಚಮಚದ ಹಿಡಿಯಿಂದ ಒಮ್ಮೆ ಮುಳುಗಿಸಿ, ಆಮೇಲೆ ಆಗಾಗ ಮೆಲ್ಲಗೆ ಕಲಕಿ.

ಬಿಸಿ ನೀರಿನ ಲೋಟದಲ್ಲಿ ಮೊದಲು ಉತ್ತರ ಸಿಗುತ್ತದೆ. ಜೆಲಾಟಿನ್ ಆಗಿದ್ದರೆ ಅದರ ಅಂಚು ಕುಸಿದು, ಒಂದೆರಡು ನಿಮಿಷದಲ್ಲೇ ಕವಚ ಕಾಣೆಯಾಗುತ್ತದೆ. ಎಚ್‌ಪಿಎಂಸಿ ಆಗಿದ್ದರೆ ಹಾಗಾಗುವುದಿಲ್ಲ. ಅದು ಮುದುಡಿ ಮಸುಕಾಗುತ್ತದೆ, ಆದರೆ ತುಂಡು ಹಾಗೇ ಉಳಿಯುತ್ತದೆ. ಚಮಚದಲ್ಲಿ ಎತ್ತಿದರೆ ಕೈಗೆ ಸಿಗುತ್ತದೆ. ಅದೇ ಲೋಟವನ್ನು ಹಾಗೇ ಬಿಟ್ಟು ನೀರು ತಣ್ಣಗಾದ ಮೇಲೆ ನೋಡಿದರೆ, ಆಗ ಅದು ಲೋಳೆಯಾಗಿ ಕರಗಲು ಶುರುವಾಗಿರುತ್ತದೆ.

ತಣ್ಣೀರಿನ ಲೋಟಕ್ಕೆ ಕಾಲು ಗಂಟೆಯಿಂದ ಅರ್ಧ ಗಂಟೆ ಸಮಯ ಕೊಡಿ. ಜೆಲಾಟಿನ್ ಊದಿ ಮೆತ್ತಗಾಗಿ, ರಬ್ಬರಿನ ಹಾಗೆ ಬೆರಳಿಗೆ ಸಿಗುತ್ತದೆ. ಎಚ್‌ಪಿಎಂಸಿ ಲೋಳೆಲೋಳೆಯಾಗಿ ತೆಳುವಾಗುತ್ತಾ ಹೋಗುತ್ತದೆ.

ಈ ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ತಣ್ಣೀರಿನ ಕಡೆಯಲ್ಲಿ. ಬೇಸಿಗೆಯಲ್ಲಿ ಮೇಲಿನ ಸಿಂಟೆಕ್ಸ್ ಟ್ಯಾಂಕಿನಿಂದ ಬರುವ ನಲ್ಲಿ ನೀರು ತಣ್ಣೀರಲ್ಲ. ಸುಮಾರು 30 ಡಿಗ್ರಿ ದಾಟಿದ ನೀರಿನಲ್ಲಿ ಜೆಲಾಟಿನ್ ಕೂಡ ಕರಗಲು ಶುರುವಾಗುತ್ತದೆ. ಆಗ ಎರಡೂ ಲೋಟದಲ್ಲಿ ಕರಗಿದ್ದನ್ನು ನೋಡಿ "ಇದು ಜೆಲಾಟಿನ್ ಅಲ್ಲ" ಅಂತ ತಪ್ಪು ತಿಳಿಯುತ್ತೇವೆ. ಫ್ರಿಜ್ ನೀರೇ ಬೇಕು. ಫ್ರಿಜ್ ಇಲ್ಲದಿದ್ದರೆ ಮಡಕೆ ನೀರನ್ನು ಬೆಳಗಿನ ಜಾವ ಬಳಸಿ. ಬಿಸಿ ನೀರೂ ಅಷ್ಟೇ, ಉಗುರುಬೆಚ್ಚಗಿದ್ದರೆ ಆಗುವುದಿಲ್ಲ. ಕೈ ಇಡಲು ಆಗದಷ್ಟು ಬಿಸಿ ಇರಬೇಕು.

ಸರಿಯಾದ ತಣ್ಣೀರು, ಸರಿಯಾದ ಬಿಸಿ ನೀರು ಎರಡರಲ್ಲೂ ಬೇಗ ಕರಗಿದರೆ ಅದು ಪುಲ್ಲುಲಾನ್ ಇರಬಹುದು. ಇಲ್ಲಿ ಇನ್ನೊಂದು ಪರೀಕ್ಷೆ ನೆರವಿಗೆ ಬರುತ್ತದೆ. ಒಣ ಕವಚದ ಚೂರನ್ನು ಇಕ್ಕಳದಲ್ಲಿ ಹಿಡಿದು ಸ್ಟೌವ್ ಉರಿಗೆ ತೋರಿಸಿ. ಕಿಟಕಿ ತೆರೆದಿರಲಿ. ಜೆಲಾಟಿನ್ ಪ್ರೋಟೀನ್ ಆದ್ದರಿಂದ ಕೂದಲು ಸುಟ್ಟ ವಾಸನೆ ಬರುತ್ತದೆ. ಗಿಡದ ಕವಚ ಕಾಗದ ಸುಟ್ಟ ಹಾಗೆ ವಾಸನೆ ಕೊಡುತ್ತದೆ. ಒಮ್ಮೆ ಮೂಗಿಗೆ ಬಡಿದರೆ ವ್ಯತ್ಯಾಸ ಮರೆಯುವುದಿಲ್ಲ. ಮಡಿ ಅಡುಗೆಮನೆಯಲ್ಲಿ ಮಾತ್ರ ಇದನ್ನು ಮಾಡಬೇಡಿ, ಆ ವಾಸನೆಗೆ ಮನೆಯವರು ಸುಮ್ಮನಿರುವುದಿಲ್ಲ.

ಈ ಪರೀಕ್ಷೆಗಳು ಹೇಳದಿರುವುದೂ ಇದೆ. ಜೆಲಾಟಿನ್ ಅಂತ ಗೊತ್ತಾದರೂ ದನದ್ದೋ, ಹಂದಿಯದೋ, ಮೀನಿನದೋ ಗೊತ್ತಾಗುವುದಿಲ್ಲ. ಪುಡಿಯಲ್ಲಿರುವ ಮೆಗ್ನೀಷಿಯಂ ಸ್ಟಿಯರೇಟ್ ಎಲ್ಲಿಂದ ಬಂತು ಅನ್ನುವುದೂ ಗೊತ್ತಾಗುವುದಿಲ್ಲ. ಅವೆರಡಕ್ಕೂ ಕಂಪನಿಯನ್ನೇ ಕೇಳಬೇಕು.

## ಐದನೇ ಹೆಜ್ಜೆ: ಕಂಪನಿಯನ್ನು ಕೇಳುವಾಗ "ವೆಜ್ಜಾ" ಅಂತ ಕೇಳಬೇಡಿ

ಹಾಗೆ ಕೇಳಿದರೆ "ಹೌದು ಸರ್" ಅಂತ ಒಂದು ಸಾಲಿನ ಉತ್ತರ ಬರುತ್ತದೆ. ಉತ್ತರ ಕೊಟ್ಟವರು ಪುಡಿಯ ಬಗ್ಗೆ ಹೇಳಿದರೋ ಕವಚದ ಬಗ್ಗೆ ಹೇಳಿದರೋ ತಿಳಿಯುವುದಿಲ್ಲ. ಬಾಟಲಿಯ ಮೇಲೆ ಗ್ರಾಹಕರ ಇ-ಮೇಲ್ ವಿಳಾಸ ಇರುತ್ತದೆ. ಫೋನ್ ಮಾಡುವ ಬದಲು ಬರೆದು ಕೇಳಿ, ಉತ್ತರ ಬರವಣಿಗೆಯಲ್ಲಿ ಉಳಿಯುತ್ತದೆ. ಬ್ಯಾಚ್ ನಂಬರ್ ಹಾಕಿ ಹೀಗೆ ಬರೆಯಬಹುದು:

"ನಿಮ್ಮ ಕ್ರಿಯಾಟಿನ್ ಕ್ಯಾಪ್ಸೂಲ್, ಈ ಬ್ಯಾಚ್ ನಂಬರಿನದು, ನನ್ನ ಬಳಿ ಇದೆ. ಇದರ ಖಾಲಿ ಕವಚ ಯಾವ ಪದಾರ್ಥದ್ದು? ಜೆಲಾಟಿನ್ ಆಗಿದ್ದರೆ ಯಾವ ಪ್ರಾಣಿಯದು? ಇದರಲ್ಲಿರುವ ಮೆಗ್ನೀಷಿಯಂ ಸ್ಟಿಯರೇಟ್ ಗಿಡದ ಮೂಲದ್ದೇ ಅಥವಾ ಪ್ರಾಣಿ ಮೂಲದ್ದೇ? ಕವಚ ಪೂರೈಸುವವರು ಕೊಟ್ಟ ಪ್ರಮಾಣಪತ್ರ ಇದ್ದರೆ ಪ್ರತಿ ಕಳಿಸಿ."

ಕವಚವನ್ನು ಹೆಚ್ಚಿನ ಕಂಪನಿಗಳು ತಾವೇ ಮಾಡುವುದಿಲ್ಲ. ಖಾಲಿ ಕ್ಯಾಪ್ಸೂಲ್ ಮಾಡುವ ಬೇರೆ ಕಾರ್ಖಾನೆಗಳಿಂದ ತರಿಸುತ್ತಾರೆ. ಆ ಕಾರ್ಖಾನೆಗಳು ಸರಕಿನ ಜೊತೆ ಮೂಲ ತಿಳಿಸುವ ಪತ್ರ ಕೊಡುತ್ತವೆ. ಹಾಗಾಗಿ ಈ ಕೊನೆಯ ಸಾಲು ಮುಖ್ಯ. ಹೊಣೆಯರಿತ ಕಂಪನಿಗೆ ಅದನ್ನು ಕಳಿಸುವುದು ಕಷ್ಟದ ಕೆಲಸವಲ್ಲ. ಕವಚದ ಬಗ್ಗೆ ಉತ್ತರಿಸಿ ಸ್ಟಿಯರೇಟ್ ಬಗ್ಗೆ ಸುಮ್ಮನಾದರೆ ಇನ್ನೊಮ್ಮೆ ಕೇಳಿ. ಎರಡನೇ ಸಲವೂ ಉತ್ತರ ಬರದಿದ್ದರೆ ನಾನಾದರೆ ಆ ಬಾಟಲಿ ಬಿಟ್ಟು ಬೇರೆಯದಕ್ಕೆ ಹೋಗಲು ಹೇಳುತ್ತೇನೆ.

## ಕವಚವೇ ಬೇಡ ಅನ್ನುವವರಿಗೆ

ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು ಹೇಳಲೇಬೇಕು. ಕ್ರಿಯಾಟಿನ್‌ಗೆ ಕ್ಯಾಪ್ಸೂಲ್ ಅಗತ್ಯವೇ ಇಲ್ಲ. ಪುಡಿಗೆ ಹೇಳಿಕೊಳ್ಳುವಂಥ ಕಹಿ ಇಲ್ಲ, ಕೆಟ್ಟ ವಾಸನೆ ಇಲ್ಲ. ಏನೂ ಬೆರೆಸದ ಪುಡಿ ಡಬ್ಬದಲ್ಲಿ ಕ್ರಿಯಾಟಿನ್ ಮೋನೋಹೈಡ್ರೇಟ್ ಒಂದೇ ಇರುತ್ತದೆ, ಕವಚವೂ ಇಲ್ಲ, ಸ್ಟಿಯರೇಟೂ ಇಲ್ಲ. ಡಬ್ಬದಲ್ಲಿ ಬರುವ ಚಮಚದಲ್ಲಿ 3 ಗ್ರಾಂ ಅಳೆದು ನೀರಿಗೋ ಮಜ್ಜಿಗೆಗೋ ಹಾಕಿ ಕಲಕಿ ಕುಡಿದರೆ ಆಯಿತು. ತಳದಲ್ಲಿ ಸ್ವಲ್ಪ ಮರಳಿನ ಹಾಗೆ ಉಳಿಯುತ್ತದೆ, ಇನ್ನಷ್ಟು ನೀರು ಹಾಕಿ ಅದನ್ನೂ ಕುಡಿಯಿರಿ. ಒಂದು ಗ್ರಾಂಗೆ ಬೀಳುವ ಬೆಲೆಯಲ್ಲೂ ಪುಡಿ ಸಾಮಾನ್ಯವಾಗಿ ಅಗ್ಗ. ರುಚಿ ಸೇರಿಸಿದ ಪುಡಿಯಾದರೆ ಬಣ್ಣಗಳ ನಂಬರ್ ಓದಿ. ಅಗಿದು ತಿನ್ನುವ ಗಮ್ಮಿ ರೂಪದ್ದಾದರೆ ಜೆಲಾಟಿನ್ ಪ್ರಶ್ನೆ ಮತ್ತೆ ಬರುತ್ತದೆ, ಅದರ ಬದಲು ಹಣ್ಣಿನಿಂದ ತೆಗೆಯುವ ಪೆಕ್ಟಿನ್ ಅಂತ ಇರಬೇಕು.

ಹಾಗಾದರೆ ಕ್ಯಾಪ್ಸೂಲ್ ಯಾರಿಗೆ? ಹಾಸ್ಟೆಲಿನಲ್ಲಿರುವವರಿಗೆ, ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ, ಅಳೆಯುವ ತಾಪತ್ರಯ ಬೇಡ ಅನ್ನುವವರಿಗೆ ಅದು ಅನುಕೂಲ. ಅದಕ್ಕೆ ಮೇಲಿನ ಹೆಜ್ಜೆಗಳು.

ಕೆಲವರು ಈಗಾಗಲೇ ಕೊಂಡ ಜೆಲಾಟಿನ್ ಕ್ಯಾಪ್ಸೂಲನ್ನು ಬಿಚ್ಚಿ ಪುಡಿ ಮಾತ್ರ ತೆಗೆದುಕೊಂಡರೆ ಆಗುತ್ತಾ ಅಂತ ಕೇಳುತ್ತಾರೆ. ಜೆಲಾಟಿನ್‌ನ ಬಹುಪಾಲು ಹಾಗೆ ತಪ್ಪುತ್ತದೆ. ಆದರೆ ಕವಚ ಉಜ್ಜಿ ಉದುರಿದ ಚೂರು ಪುಡಿಯಲ್ಲಿ ಇರಬಹುದು, ಸ್ಟಿಯರೇಟ್ ಪ್ರಾಣಿ ಮೂಲದ್ದೇ ಆಗಿರಬಹುದು. ಕಟ್ಟುನಿಟ್ಟಿನವರಿಗೆ ನಾನು ಇದನ್ನು ಹೇಳುವುದಿಲ್ಲ. ಬಾಟಲಿ ತೆರೆದಿಲ್ಲದಿದ್ದರೆ ಬಿಲ್ ತೋರಿಸಿ ವಾಪಸ್ ಕೊಡಿ.

ಒಂದು ಎಚ್ಚರಿಕೆ ಕವಚಕ್ಕೆ ಸಂಬಂಧಿಸಿದ್ದಲ್ಲ, ಆದರೂ ಬಿಡುವಂತಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಕ್ರಿಯಾಟಿನ್ ಶುರು ಮಾಡಬಾರದು. ಆರೋಗ್ಯವಾಗಿರುವವರೂ ರಕ್ತ ಪರೀಕ್ಷೆಗೆ ಹೋದಾಗ ತೆಗೆದುಕೊಳ್ಳುತ್ತಿರುವುದನ್ನು ಹೇಳಬೇಕು, ಮೂತ್ರಪಿಂಡದ ಕೆಲಸ ತಿಳಿಯಲು ನೋಡುವ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಏರಿ ಕಾಣಬಹುದು.

## ಗುರುತು ಹಸಿರು, ಸಾಲಿನಲ್ಲಿ ಜೆಲಾಟಿನ್: ಆಗ ಏನು ಮಾಡಬೇಕು

ಹಸಿರು ಗುರುತು ಹಾಕಿ ಪದಾರ್ಥಗಳಲ್ಲಿ ಜೆಲಾಟಿನ್ ಅಂತ ಬರೆದಿದ್ದರೆ ಎರಡರಲ್ಲಿ ಒಂದು ಸುಳ್ಳು. ಬಾಟಲಿ ಎಸೆಯಬೇಡಿ. ಗುರುತು, ಪದಾರ್ಥಗಳ ಸಾಲು, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್ ನಾಲ್ಕೂ ಸ್ಪಷ್ಟವಾಗಿ ಕಾಣುವಂತೆ ಫೋಟೋ ತೆಗೆಯಿರಿ. ಬಿಲ್ ಇಟ್ಟುಕೊಳ್ಳಿ. ಮೊದಲು ಕಂಪನಿಗೆ ಬರೆಯಿರಿ, ಆಮೇಲೆ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಕೊಡಿ. ಜಿಲ್ಲೆಯಲ್ಲಿ ಇದನ್ನು ನೋಡುವವರು ಆಹಾರ ಸುರಕ್ಷತೆಯ ಅಂಕಿತಾಧಿಕಾರಿ, ಅವರ ಕಚೇರಿಗೆ ಲಿಖಿತ ದೂರನ್ನೂ ಕೊಡಬಹುದು. ದೂರಿನಲ್ಲಿ ನಿಮ್ಮ ಮನೆಯ ಲೋಟದ ಪರೀಕ್ಷೆಯನ್ನು ಸಾಕ್ಷಿಯಾಗಿ ಬರೆಯಬೇಡಿ. ಅದು ನಿಮ್ಮ ಸಮಾಧಾನಕ್ಕೆ ಮಾತ್ರ, ಅಧಿಕಾರಿಗಳು ಪ್ರಯೋಗಾಲಯದಲ್ಲೇ ಪರೀಕ್ಷೆ ಮಾಡಿಸಬೇಕು. ಲೇಬಲ್‌ನ ಎರಡು ಸಾಲು ಒಂದಕ್ಕೊಂದು ಹೊಂದುತ್ತಿಲ್ಲ ಅನ್ನುವುದೇ ಗಟ್ಟಿಯಾದ ದೂರು. ತೆರೆಯದ ಇನ್ನೊಂದು ಬಾಟಲಿ ಅದೇ ಬ್ಯಾಚಿನದು ಇದ್ದರೆ ಅದನ್ನು ತೆರೆಯದೆ ಹಾಗೇ ಇಡಿ.

ಎಲ್ಲವೂ ಸರಿಯಿದ್ದ ಬಾಟಲಿ ಖಾಲಿಯಾದ ಮೇಲೂ ಅದರ ಹಿಂಭಾಗದ ಒಂದು ಫೋಟೋ ಫೋನಿನಲ್ಲಿ ಉಳಿಸಿಕೊಳ್ಳಿ. ಕಂಪನಿಗಳು ಕವಚ ಪೂರೈಸುವವರನ್ನು ಬದಲಾಯಿಸುವುದುಂಟು. ಮುಂದಿನ ಬಾಟಲಿ ಬಂದಾಗ ಕ್ಯಾಪ್ಸೂಲ್ ಶೆಲ್ ಮುಂದಿನ ನಂಬರ್ ಅದೇನಾ ಅಂತ ಹೋಲಿಸಿ ನೋಡಿ, ಆಮೇಲೆ ಸೀಲ್ ತೆಗೆಯಿರಿ.